ಆಪ್‌ನಲ್ಲಿ ಕಾಣುವ ರೇಟು, ಬ್ಯಾಂಕಿಗೆ ಬರುವ ರೇಟು

ಮೈಸೂರಿನ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ 14 ರೂಮಿನ ಹೋಟೆಲ್. ಎಂಟು ಸ್ಟ್ಯಾಂಡರ್ಡ್, ಆರು ಡಿಲಕ್ಸ್. ಯಾವ ಚೈನ್‌ಗೂ ಸೇರಿದ್ದಲ್ಲ. ನಾಲ್ಕು ಒಟಿಎಗಳಲ್ಲಿ, ಅಂದರೆ ಆನ್‌ಲೈನ್ ಬುಕಿಂಗ್ ಆಪ್‌ಗಳಲ್ಲಿ ಲಿಸ್ಟಿಂಗ್ ಇತ್ತು. ಜೊತೆಗೆ ಟೂರ್ ಪ್ಯಾಕೇಜಿನವರಿಗೆಂದು ಒಬ್ಬ ಹೋಲ್‌ಸೇಲರ್ ಜತೆ ಒಪ್ಪಂದ, ಸ್ವಂತದ್ದೊಂದು ವೆಬ್‌ಸೈಟ್. 2025ರ ದಸರಾ ಗದ್ದಲ ಮುಗಿದ ಮೇಲೆ, ಡಿಸೆಂಬರ್ ರಜೆಯ ಬುಕಿಂಗ್ ಏರುವ ಮೊದಲು ಸಿಕ್ಕ ಆರು ವಾರಗಳಲ್ಲಿ ಇದರ ರೇಟುಗಳನ್ನು ನೇರ ಮಾಡುವ ಕೆಲಸಕ್ಕೆ ಕೂತೆವು.

ಕೆಲಸ ಶುರುವಾಗಲು ಕಾರಣ ಎರಡು. ಒಂದು ಒಟಿಎಯ ಎಕ್ಸ್‌ಟ್ರಾನೆಟ್‌ನಲ್ಲಿ, ಅಂದರೆ ಹೋಟೆಲಿನವರು ರೇಟು ತುಂಬುವ ಪುಟದಲ್ಲಿ, 'ನಿಮ್ಮ ರೂಮು ಬೇರೆ ಕಡೆ ಕಡಿಮೆ ಬೆಲೆಗೆ ಸಿಗುತ್ತಿದೆ, ಇದರಿಂದ ನಿಮ್ಮ ಸ್ಥಾನ ಕೆಳಗಿಳಿಯಬಹುದು' ಎಂಬ ಎಚ್ಚರಿಕೆ ವಾರಗಟ್ಟಲೆ ನಿಂತಿತ್ತು. ಇನ್ನೊಂದು, ರಿಸೆಪ್ಷನ್‌ಗೆ ಬರುತ್ತಿದ್ದ ಫೋನುಗಳು: "ಏನಪ್ಪಾ, ನಿಮಗೇ ಫೋನ್ ಮಾಡಿದ್ರೆ ಮೂರು ಸಾವಿರ ಅಂತೀರ, ಮಗಳು ಆಪ್‌ನಲ್ಲಿ ನೋಡಿದ್ರೆ ಎರಡೂವರೆ ಸಾವಿರ ತೋರಿಸ್ತಿದೆಯಲ್ಲ?" ಇಂಥ ಫೋನು ಬಂದಾಗ ವಾದಕ್ಕೆ ಇಳಿಯಬಾರದು. "ಸಾರ್, ಆ ಸ್ಕ್ರೀನ್ ಒಂದು ಫೋಟೋ ಕಳಿಸ್ತೀರಾ?" ಎಂದು ಕೇಳಬೇಕು. ಹಾಗೆ ಬಂದ ಮೂರ್ನಾಲ್ಕು ಚಿತ್ರಗಳೇ ಮುಂದಿನ ತನಿಖೆಗೆ ಆಧಾರವಾದವು. ಎಕ್ಸ್‌ಟ್ರಾನೆಟ್‌ನಲ್ಲಿ ನಾವು ತುಂಬಿದ ರೇಟು ಎಲ್ಲ ಕಡೆಯೂ ಒಂದೇ ಇತ್ತು, ಸ್ಟ್ಯಾಂಡರ್ಡ್ ರೂಮಿಗೆ 3,000 ರೂಪಾಯಿ. ಆದರೆ ಪ್ಯಾರಿಟಿಯನ್ನು, ಅಂದರೆ ಎಲ್ಲ ಕಡೆಯೂ ಒಂದೇ ಬೆಲೆ ಇದೆಯೇ ಎಂಬುದನ್ನು, ಅಳೆಯುವುದು ಅತಿಥಿ ಹಣ ಕಟ್ಟುವ ಕೊನೆಯ ಪುಟದಲ್ಲಿ.

ಮೊದಲು ಮಾಡಿದ್ದು ಹೋಲಿಕೆಯ ಪಟ್ಟಿ. ಒಂದೇ ದಿನಾಂಕ, ಇಬ್ಬರು ದೊಡ್ಡವರು, ಸ್ಟ್ಯಾಂಡರ್ಡ್ ರೂಮು, ಒಂದು ರಾತ್ರಿ. ಪ್ರತಿ ಒಟಿಎಯನ್ನೂ ಎರಡು ಬಾರಿ ತೆರೆದೆವು: ಒಮ್ಮೆ ಕಂಪ್ಯೂಟರಿನಲ್ಲಿ ಲಾಗಿನ್ ಆಗದೆ, ಪ್ರೈವೇಟ್ ವಿಂಡೋದಲ್ಲಿ, ಇನ್ನೊಮ್ಮೆ ಮೊಬೈಲ್ ಆಪ್‌ನಲ್ಲಿ ಲಾಗಿನ್ ಆಗಿ. ತೆರಿಗೆ ಸೇರಿದ ಒಟ್ಟು ಮೊತ್ತ, ತಿಂಡಿ ಇದೆಯೋ ಇಲ್ಲವೋ, ರದ್ದು ಮಾಡಿದರೆ ಹಣ ವಾಪಸ್ ಬರುತ್ತದೋ ಇಲ್ಲವೋ, ಈ ಮೂರನ್ನೂ ಬರೆದುಕೊಂಡೆವು. ಇವನ್ನು ಬರೆದುಕೊಳ್ಳದೆ ಬರೀ ಅಂಕಿ ಹೋಲಿಸಿದರೆ ಅರ್ಧಕ್ಕರ್ಧ 'ಉಲ್ಲಂಘನೆ'ಗಳು ಸುಳ್ಳಾಗಿರುತ್ತವೆ. ಒಂದು ಕಡೆ ತೆರಿಗೆ ಸೇರಿಸಿ 3,150, ಇನ್ನೊಂದು ಕಡೆ ತೆರಿಗೆ ಬಿಟ್ಟು 3,000 ತೋರಿಸಿದರೆ ಅದು ಒಂದೇ ಬೆಲೆ.

ನಿಜವಾದ ವ್ಯತ್ಯಾಸಗಳು ಮೂರು ಕಡೆ ಸಿಕ್ಕವು. ಮೊದಲ ಒಟಿಎಯಲ್ಲಿ ಲಾಗಿನ್ ಇಲ್ಲದೆ 3,000, ಮೊಬೈಲ್‌ನಲ್ಲಿ ಸದಸ್ಯರಿಗೆ 2,430. ಎರಡನೆಯದರಲ್ಲಿ ಕೂಪನ್ ಹಾಕಿದರೆ 2,760. ಮೂರನೆಯದರಲ್ಲಿ ತಿಂಡಿ ಸಮೇತ 2,310. ನಾವು ತಿಂಡಿ ಸಮೇತದ ರೇಟು ಇಟ್ಟಿದ್ದೇ 3,300. ಮೂರೂ ನೋಡಲು ಒಂದೇ ಥರದ ಸೋರಿಕೆ, ಕಾರಣ ಮಾತ್ರ ಬೇರೆ ಬೇರೆ. ಆದ್ದರಿಂದ ಮದ್ದೂ ಬೇರೆ.

2,430 ನಾವೇ ಮಾಡಿಕೊಂಡದ್ದು. ಸದಸ್ಯರ ರಿಯಾಯಿತಿ ಶೇ 10 ಎಂದು ಒಂದು ವರ್ಷ ಒಪ್ಪಿಕೊಂಡಿದ್ದೆವು, ಮೊಬೈಲ್ ರಿಯಾಯಿತಿ ಶೇ 10 ಎಂದು ಇನ್ನೊಮ್ಮೆ. ಎರಡೂ ಒಂದರ ಮೇಲೊಂದು ಕೂರುತ್ತವೆ: 3,000 ಹೋಗಿ 2,700, ಅದು ಹೋಗಿ 2,430. ಮುಂಗಡ ಬುಕಿಂಗ್ ರಿಯಾಯಿತಿ ಎಂದು ಮತ್ತೊಂದು ಶೇ 10 ಸೇರಿದ್ದರೆ 2,187ಕ್ಕೆ ಇಳಿಯುತ್ತಿತ್ತು. ಯಾವ ರಿಯಾಯಿತಿ ಯಾವುದರ ಜತೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದು ಪ್ರತಿ ಒಟಿಎಯಲ್ಲೂ ಬೇರೆ. ಪ್ರಮೋಷನ್ ಪುಟದ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ, ಓದಲೇಬೇಕು.

ಈ 2,430ರಲ್ಲಿ ಹೋಟೆಲಿಗೆ ಉಳಿಯುವುದೆಷ್ಟು ಎಂದು ಕಾಗದದ ಮೇಲೆ ಬರೆದಾಗ ಕೆಲಸದ ದಿಕ್ಕೇ ಬದಲಾಯಿತು. ಕಮಿಷನ್ ಶೇ 18, ಅಂದರೆ 437.40. ಆ ಕಮಿಷನ್ ಮೇಲೆ ಜಿಎಸ್‌ಟಿ ಶೇ 18, ಅದು 78.73. ಎರಡೂ ಸೇರಿ 516.13. ಉಳಿದದ್ದು 1,913.87. ಪಟ್ಟಿಯ ಬೆಲೆ 3,000ದ ಲೆಕ್ಕದಲ್ಲಿ ನೋಡಿದರೆ ಹೋದದ್ದು ಶೇ 36ಕ್ಕೂ ಮೇಲೆ. 'ನಮ್ಮದು ಶೇ 18 ಕಮಿಷನ್' ಎಂದು ಹೇಳಿಕೊಂಡು ಕೂತ ಹೋಟೆಲುಗಳಲ್ಲಿ ಬಹುಪಾಲಿನ ಸ್ಥಿತಿ ಇದೇ, ಲೆಕ್ಕ ಹಾಕಿರುವುದಿಲ್ಲ ಅಷ್ಟೆ.

ಆ 78.73ರ ಬಗ್ಗೆ ಸ್ವಲ್ಪ ನಿಲ್ಲಬೇಕು. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 12 ಇತ್ತು, ಕಮಿಷನ್ ಮೇಲೆ ಕಟ್ಟಿದ ತೆರಿಗೆಯನ್ನು ಹೋಟೆಲು ಕಟ್ಟಬೇಕಾದ ಜಿಎಸ್‌ಟಿಯಿಂದ ಇನ್‌ಪುಟ್ ಕ್ರೆಡಿಟ್ ಆಗಿ ಕಳೆಯಬಹುದಿತ್ತು. ಆ ದಿನದಿಂದ ದರ ಶೇ 5ಕ್ಕೆ ಇಳಿಯಿತು, ಕ್ರೆಡಿಟ್ ಹೋಯಿತು. ಅತಿಥಿಗೆ ಬಿಲ್ಲು ಕಡಿಮೆಯಾದದ್ದು ಸಂತೋಷವೇ. ಆದರೆ ಕಮಿಷನ್ ಮೇಲಿನ ಶೇ 18 ತೆರಿಗೆ ಈಗ ಪೂರ್ತಿ ಖರ್ಚು. ಶೇ 18 ಕಮಿಷನ್ ಎಂದರೆ ನಿಜಕ್ಕೆ ಶೇ 21.24. ತಿಂಗಳಿಗೆ ಒಟಿಎ ಮೂಲಕ 150 ರೂಮು-ರಾತ್ರಿ ಮಾರಿದರೆ ಈ ಒಂದು ಸಾಲಿನಲ್ಲೇ ಸುಮಾರು 11,800 ರೂಪಾಯಿ ಹೋಗುತ್ತದೆ. ಹಳೆಯ ಲೆಕ್ಕದ ಎಕ್ಸೆಲ್ ಹಾಳೆಯನ್ನೇ ಬಳಸುತ್ತಿರುವವರು ಈ ಸಾಲನ್ನು ಮೊದಲು ತಿದ್ದಬೇಕು. ವಿದೇಶಿ ಕಂಪನಿ ಹೊರದೇಶದಿಂದ ಕಮಿಷನ್ ಬಿಲ್ಲು ಕಳಿಸುತ್ತಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ಕಾಣುವುದಿಲ್ಲ, ರಿವರ್ಸ್ ಚಾರ್ಜ್ ಅಡಿ ಹೋಟೆಲೇ ಕಟ್ಟಬೇಕಾಗುತ್ತದೆ. ಅದು ಕಾಣದೇ ಇರುವುದರಿಂದ ಆ ಒಟಿಎ ಅಗ್ಗ ಎಂಬ ಭ್ರಮೆ ಹುಟ್ಟುತ್ತದೆ.

ಹಣ ಪಾವತಿಯಾಗುವಾಗ ಶೇ 0.1 ಟಿಡಿಎಸ್, ಶೇ 0.5 ಟಿಸಿಎಸ್ ಕೂಡ ಕಡಿತವಾಗುತ್ತವೆ. ಇವೆರಡೂ ಖರ್ಚಲ್ಲ. ಮೊದಲನೆಯದು ಆದಾಯ ತೆರಿಗೆ ರಿಟರ್ನ್‌ನಲ್ಲಿ, ಎರಡನೆಯದು ಜಿಎಸ್‌ಟಿಯ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ಕಮಿಷನ್ ಸಾಲಿಗೆ ಇವನ್ನು ಸೇರಿಸಿ ಲೆಕ್ಕ ಕೆಡಿಸಿಕೊಳ್ಳುವುದು ಬೇಡ, ಆದರೆ ಕ್ಲೇಮ್ ಮಾಡಲು ಮರೆಯುವುದೂ ಬೇಡ.

ಹಾಗಾಗಿ ರೇಟನ್ನು ಮೇಲಿನಿಂದ ಕೆಳಗೆ ಇಳಿಸುವುದನ್ನು ಬಿಟ್ಟು ಕೆಳಗಿನಿಂದ ಮೇಲಕ್ಕೆ ಕಟ್ಟಿದೆವು. ಮಾಮೂಲಿ ವಾರದ ದಿನಕ್ಕೆ ಸ್ಟ್ಯಾಂಡರ್ಡ್ ರೂಮಿನಿಂದ ಕೈಗೆ 2,200 ಬರಬೇಕು ಎಂದು ಇಟ್ಟುಕೊಂಡು, ಕಮಿಷನ್ ಮತ್ತು ಎರಡೂ ರಿಯಾಯಿತಿಗಳನ್ನು ಹಿಂದಕ್ಕೆ ಬಿಡಿಸಿದಾಗ ಬಂದದ್ದು ಹೀಗೆ:

```
2200 ÷ 0.7876 ÷ 0.90 ÷ 0.90 = 3449
2200 ÷ 0.7876 ÷ 0.90        = 3104
```

0.7876 ಎಂದರೆ ನೂರರಲ್ಲಿ 21.24 ಕಳೆದು ಉಳಿದದ್ದು. ಎರಡು ರಿಯಾಯಿತಿಯೂ ಬೇಕೆಂದರೆ ಪಟ್ಟಿಯ ಬೆಲೆ 3,450ಕ್ಕೆ ಏರಬೇಕು. ಆಗ ಲಾಗಿನ್ ಇಲ್ಲದೆ ನೋಡುವವರಿಗೆ ಪಕ್ಕದ ಹೋಟೆಲಿಗಿಂತ ದುಬಾರಿ ಕಾಣುತ್ತೇವೆ, ಕ್ಲಿಕ್ಕೇ ಮಾಡುವುದಿಲ್ಲ. ಒಂದನ್ನು ಕೈಬಿಟ್ಟರೆ 3,100 ಸಾಕು. ಕೈಬಿಟ್ಟದ್ದು ಮೊಬೈಲ್ ರಿಯಾಯಿತಿಯನ್ನು. ಬುಕಿಂಗ್ ವರದಿಯಲ್ಲಿ ಸಾಧನದ ಕಾಲಂ ನೋಡಿದರೆ ಬಹುತೇಕ ಎಲ್ಲರೂ ಫೋನಿನಿಂದಲೇ ಬರುತ್ತಿದ್ದರು. ಎಲ್ಲರಿಗೂ ಸಿಗುವ ರಿಯಾಯಿತಿಯಿಂದ ಹೊಸ ಗಿರಾಕಿ ಬರುವುದಿಲ್ಲ, ಬೆಲೆ ಮಾತ್ರ ಇಳಿಯುತ್ತದೆ. ಸದಸ್ಯರ ರಿಯಾಯಿತಿ ಉಳಿಸಿಕೊಂಡೆವು, ಏಕೆಂದರೆ ಹುಡುಕಾಟದಲ್ಲಿ ಮೇಲೆ ಕಾಣುವುದು ಅದಕ್ಕೆ ಜೋಡಿಕೊಂಡಿತ್ತು. ಇಂಥ ಬದಲಾವಣೆ ಒಂದು ಸಲಕ್ಕೆ ಒಂದೇ ಮಾಡಬೇಕು. ಎರಡು ವಾರ ಬಿಟ್ಟು ಎಕ್ಸ್‌ಟ್ರಾನೆಟ್‌ನಲ್ಲಿ ಮೂರು ಅಂಕಿ ನೋಡಬೇಕು: ಹುಡುಕಾಟದಲ್ಲಿ ಎಷ್ಟು ಬಾರಿ ಕಂಡಿದೆ, ಪುಟವನ್ನು ಎಷ್ಟು ಜನ ತೆರೆದಿದ್ದಾರೆ, ಬುಕ್ ಆದದ್ದೆಷ್ಟು. ಮೊದಲನೆಯದು ಬಿದ್ದರೆ ಸ್ಥಾನ ಕೆಳಗಿಳಿದಿದೆ ಎಂದರ್ಥ. ಮೊದಲನೆಯದು ಹಾಗೇ ಇದ್ದು ಎರಡನೆಯದು ಬಿದ್ದರೆ ಬೆಲೆ ಅಥವಾ ಮುಖಪುಟದ ಫೋಟೋ ಹಿಡಿಸುತ್ತಿಲ್ಲ.

ಎರಡನೆಯದು, ಕೂಪನ್ ಹಾಕಿದ 2,760. ಇದು ನಮ್ಮ ಜೇಬಿನಿಂದ ಹೋಗಿದೆಯೋ ಒಟಿಎಯದ್ದೋ ಎಂದು ತಿಳಿಯುವ ದಾರಿ ಸರಳ. ಅದೇ ಬುಕಿಂಗ್‌ನ ಪಾವತಿ ವಿವರ ತೆಗೆದು, ಹೋಟೆಲಿನ ಮಾರಾಟ ಬೆಲೆ ಎಂಬ ಸಾಲಿನಲ್ಲಿ ಏನಿದೆ ನೋಡಬೇಕು. ಅಲ್ಲಿ 3,000 ಇದ್ದು ಅತಿಥಿ ಕಟ್ಟಿದ್ದು ಮಾತ್ರ 2,760 ಆಗಿದ್ದರೆ, 240 ರೂಪಾಯಿಯನ್ನು ಒಟಿಎ ತನ್ನ ಕಮಿಷನ್‌ನಿಂದ ಬಿಟ್ಟುಕೊಟ್ಟಿದೆ. ಅಲ್ಲೇ 2,760 ಇದ್ದರೆ ಯಾವುದೋ ಪ್ರಮೋಷನ್‌ಗೆ ನಾವು ಸಹಿ ಹಾಕಿದ್ದೇವೆ. ನಮ್ಮಲ್ಲಿ ಮೊದಲನೆಯದೇ ಆಗಿತ್ತು. ಹೋಟೆಲಿಗೆ ನಷ್ಟವಿಲ್ಲ, ಆದರೆ ಇನ್ನೊಂದು ಒಟಿಎಯ ಯಂತ್ರ ಇದನ್ನು ನೋಡಿ ನಮ್ಮ ಮೇಲೆ ಎಚ್ಚರಿಕೆ ಹಾಕುತ್ತದೆ. ಪಾವತಿ ವಿವರದ ಚಿತ್ರ ಸಮೇತ 'ಈ ಬೆಲೆ ನಾವು ಇಟ್ಟದ್ದಲ್ಲ' ಎಂದು ಅಲ್ಲಿನ ಪ್ರತಿನಿಧಿಗೆ ಮೇಲ್ ಹಾಕಿದೆವು. ಗಾಬರಿಯಿಂದ ಉಳಿದ ಕಡೆಯೂ ಬೆಲೆಯನ್ನು 2,760ಕ್ಕೆ ಇಳಿಸುವುದು ಈ ಹಂತದಲ್ಲಿ ಆಗುವ ದೊಡ್ಡ ತಪ್ಪು. ಕೂಪನ್ ಹಾಕಿದವರು ಅದರ ಮೇಲೆ ಮತ್ತೆ ಶೇ 8 ಕಡಿಮೆ ಮಾಡುತ್ತಾರೆ.

ಮೂರನೆಯದಕ್ಕೇ ಹೆಚ್ಚು ದಿನ ಹಿಡಿಯಿತು. ತಿಂಡಿ ಸಮೇತ 2,310 ಎಂಬ ಬೆಲೆ ಎಲ್ಲಿಯೂ ನಮ್ಮ ದಾಖಲೆಯಲ್ಲಿ ಇರಲಿಲ್ಲ. ಹೋಲ್‌ಸೇಲರ್‌ಗೆ ಕೊಟ್ಟ ನೆಟ್ ರೇಟು, ಅಂದರೆ ಅವರಿಂದ ನಮ್ಮ ಕೈಗೆ ಬರುವ ಬೆಲೆ, 2,100, ತಿಂಡಿ ಸಮೇತ. ಅದಕ್ಕೆ ಶೇ 10 ಸೇರಿಸಿದರೆ ಸರಿಯಾಗಿ 2,310. ಅನುಮಾನ ಬಂತು, ಆದರೆ ಅನುಮಾನ ಹಿಡಿದು ಪತ್ರ ಬರೆದರೆ 'ನಮ್ಮದಲ್ಲ' ಎಂಬ ಉತ್ತರ ಬರುತ್ತದೆ. ಸಾಕ್ಷಿಗೆ ಇರುವ ದಾರಿ ಪರೀಕ್ಷಾ ಬುಕಿಂಗ್. ನಲವತ್ತು ದಿನ ಮುಂದಿನ ದಿನಾಂಕಕ್ಕೆ, ಉಚಿತವಾಗಿ ರದ್ದು ಮಾಡಬಹುದಾದ ಆ 2,310ರ ರೂಮನ್ನೇ ಸಿಬ್ಬಂದಿಯೊಬ್ಬರ ಹೆಸರಲ್ಲಿ ಬುಕ್ ಮಾಡಿದೆವು. ಹೋಟೆಲಿನ ಮೇಲ್‌ಗೆ ವೋಚರ್ ಬಂದದ್ದು ಆ ಒಟಿಎಯಿಂದಲ್ಲ, ನಮ್ಮ ಹೋಲ್‌ಸೇಲರ್‌ನಿಂದ. ಪ್ಯಾಕೇಜಿಗೆಂದು ಕೊಟ್ಟ ರೂಮು ಕೈಯಿಂದ ಕೈಗೆ ದಾಟಿ, ಟ್ಯಾಕ್ಸಿ ಟೂರು ಯಾವುದೂ ಇಲ್ಲದೆ ಬರೀ ರೂಮಾಗಿ ಆಪ್‌ನಲ್ಲಿ ನಿಂತಿತ್ತು. ಬುಕಿಂಗ್ ಪುಟದ ಚಿತ್ರ, ವೋಚರ್ ನಂಬರ್, ಎರಡರಲ್ಲೂ ಇದ್ದ ಅತಿಥಿಯ ಹೆಸರು, ಇಷ್ಟನ್ನು ಕೂಡಿಸಿಕೊಂಡು ಅವಧಿಯೊಳಗೆ ಬುಕಿಂಗ್ ರದ್ದು ಮಾಡಿದೆವು.

ಒಪ್ಪಂದ ತೆಗೆದು ನೋಡಿದರೆ 'ಪ್ಯಾಕೇಜಿನ ಭಾಗವಾಗಿ ಮಾತ್ರ ಮಾರತಕ್ಕದ್ದು' ಎಂಬ ಷರತ್ತು ಇರಲೇ ಇಲ್ಲ. ಸಣ್ಣ ಹೋಟೆಲುಗಳು ಸಹಿ ಹಾಕುವ ಒಪ್ಪಂದಗಳಲ್ಲಿ ಬಿಟ್ಟುಹೋಗುವ ಸಾಲು ಇದೇ. ಎರಡು ಬದಲಾವಣೆ ಕೇಳಿದೆವು: ಆ ಷರತ್ತು ಸೇರಬೇಕು, ಮತ್ತು ವರ್ಷಪೂರ್ತಿ ನಿಂತ 2,100ರ ಬದಲು ಆಯಾ ದಿನದ ಪಟ್ಟಿ ಬೆಲೆಯಿಂದ ಇಂತಿಷ್ಟು ಶೇಕಡಾ ಕಡಿಮೆ ಎಂದಾಗಬೇಕು. ನಿಂತ ನೆಟ್ ರೇಟು ಅಪಾಯಕಾರಿ, ಏಕೆಂದರೆ ರಜೆಯ ದಿನ ಪಟ್ಟಿ ಬೆಲೆ 4,500ಕ್ಕೆ ಏರಿದರೂ ಅದು 2,100ರಲ್ಲೇ ಕೂತಿರುತ್ತದೆ, ಅಂತರ ಇನ್ನೂ ಹಿಗ್ಗುತ್ತದೆ. ಉತ್ತರ ಬರುವವರೆಗೆ ಡಿಸೆಂಬರ್ 20ರಿಂದ ಜನವರಿ 2ರವರೆಗೆ ಅವರ ಪಾಲಿನ ರೂಮುಗಳಿಗೆ ಸ್ಟಾಪ್ ಸೇಲ್ ಹಾಕಿದೆವು. ಬಂದ್ ಮಾಡಿದ ಮೇಲೂ ಹಲವು ದಿನ ಹಳೆಯ ಬೆಲೆ ಆಪ್‌ನಲ್ಲಿ ಕಾಣುತ್ತಿತ್ತು. ಮಧ್ಯದವರು ಬೆಲೆಗಳನ್ನು ತಮ್ಮಲ್ಲಿ ಉಳಿಸಿಟ್ಟುಕೊಂಡು ತೋರಿಸುತ್ತಾರೆ. ಆ ದಿನಗಳಲ್ಲಿ ಬುಕಿಂಗ್ ಬಂದರೆ ನಿರಾಕರಿಸದೆ ಗೌರವಿಸಬೇಕು, ಅತಿಥಿಯದ್ದೇನೂ ತಪ್ಪಿರುವುದಿಲ್ಲ.

ಈ ನಡುವೆ ಇನ್ನೊಂದು ದೋಷ ಹೊರಬಿತ್ತು. ಡಿಲಕ್ಸ್ ರೂಮಿಗೆ ಬಂದವರು "ತಿಂಡಿ ಇದೆ ಅಂತ ಬರೆದಿತ್ತಲ್ಲ" ಎಂದು ಕೇಳುತ್ತಿದ್ದರು. ಚಾನೆಲ್ ಮ್ಯಾನೇಜರ್, ಅಂದರೆ ನಮ್ಮ ರೇಟುಗಳನ್ನು ಎಲ್ಲ ಒಟಿಎಗಳಿಗೂ ಕಳಿಸುವ ಸಾಫ್ಟ್‌ವೇರ್. ಅದರ 'ತಿಂಡಿ ಇಲ್ಲ' ಪ್ಲಾನು ಒಂದು ಒಟಿಎಯ 'ತಿಂಡಿ ಇದೆ' ಪ್ಲಾನಿಗೆ ಅಂಟಿಕೊಂಡಿತ್ತು. ಮ್ಯಾಪಿಂಗ್ ಪುಟದಲ್ಲಿ ಹೆಸರುಗಳು ಹತ್ತಿರ ಹತ್ತಿರ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಪತ್ತೆ ಹಚ್ಚುವ ಉಪಾಯ: ಮೂರ್ನಾಲ್ಕು ತಿಂಗಳು ಮುಂದಿನ ಒಂದು ಖಾಲಿ ದಿನ ಆರಿಸಿ, ಪ್ರತಿ ರೂಮು ಮತ್ತು ಪ್ಲಾನಿಗೆ ಗುರುತು ಹಿಡಿಯುವಂಥ ವಿಚಿತ್ರ ಬೆಲೆ ಹಾಕುವುದು. ಸ್ಟ್ಯಾಂಡರ್ಡ್ ತಿಂಡಿಯಿಲ್ಲದ್ದಕ್ಕೆ 6,111, ತಿಂಡಿಯಿದ್ದದ್ದಕ್ಕೆ 6,222, ಡಿಲಕ್ಸ್‌ಗೆ 6,333 ಮತ್ತು 6,444. ಅರ್ಧ ಗಂಟೆ ಬಿಟ್ಟು ಪ್ರತಿ ಒಟಿಎಯಲ್ಲೂ ಆ ದಿನ ತೆರೆದರೆ ಯಾವ ಅಂಕಿ ಎಲ್ಲಿ ಹೋಗಿದೆ ಎಂಬುದು ತಾನೇ ಹೇಳುತ್ತದೆ. ಬೆಲೆಯನ್ನು 7,500ರ ಒಳಗೇ ಇಡಬೇಕು. ಅದನ್ನು ದಾಟಿದರೆ ಜಿಎಸ್‌ಟಿ ಶೇ 18 ಆಗಿ ಕೊನೆಯ ಪುಟದ ಮೊತ್ತ ಗೊಂದಲ ಮಾಡುತ್ತದೆ. ನೋಡಿ ಮುಗಿದ ಕೂಡಲೇ ಮಾಮೂಲಿ ಬೆಲೆ ವಾಪಸ್ ಹಾಕಬೇಕು.

ಅದೇ 7,500ರ ಗೆರೆ ದಸರಾ ಜಂಬೂ ಸವಾರಿಯ ಹಿಂದಿನ ರಾತ್ರಿಗಳಲ್ಲಿ ನಿಜವಾದ ಪ್ರಶ್ನೆಯಾಗುತ್ತದೆ. 7,500ಕ್ಕೆ ಅತಿಥಿ ಕಟ್ಟುವುದು 7,875. ಬೆಲೆ ಒಂದೇ ಒಂದು ರೂಪಾಯಿ ಏರಿದರೆ 8,851. 7,500ನ್ನು ಸ್ವಲ್ಪವೇ ದಾಟಿದ ಬೆಲೆಗಳಿಂದ ಹೋಟೆಲಿಗೆ ಸಿಗುವುದು ಅಲ್ಪ, ಅತಿಥಿಗೆ ಬೀಳುವ ಹೊರೆ ದೊಡ್ಡದು. ಅಂಥ ದಿನಗಳಿಗೆ ಪ್ರಮೋಷನ್‌ಗಳಲ್ಲಿ ಬ್ಲ್ಯಾಕ್‌ಔಟ್ ದಿನಾಂಕ ಹಾಕಿಡುವುದು ಮುಖ್ಯ. ಹೇಗೂ ತುಂಬುವ ರಾತ್ರಿಗೆ ಶೇ 10 ಬಿಟ್ಟುಕೊಡುವ ಅಗತ್ಯ ಏನಿದೆ? ಹೆಚ್ಚು ಕಮಿಷನ್ ಕೊಟ್ಟರೆ ಮೇಲೆ ತೋರಿಸುವ ಯೋಜನೆಯಿದ್ದರೆ ಅದನ್ನೂ ಆ ದಿನಗಳಿಗೆ ನಿಲ್ಲಿಸಬೇಕು.

ಇನ್ನು ಸ್ವಂತ ವೆಬ್‌ಸೈಟಿನ ಬೆಲೆ. ಇದರಲ್ಲಿ ಕಾನೂನಿನ ಮಾತೂ ಬರುತ್ತದೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 19ರಂದು ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ರೂಪಾಯಿ ದಂಡ ಹಾಕಿ, ಇತರ ಒಟಿಎಗಳ ವಿಷಯದಲ್ಲಿ ಹೋಟೆಲುಗಳ ಮೇಲೆ ಹೇರಿದ್ದ ಬೆಲೆ ಮತ್ತು ರೂಮು ಲಭ್ಯತೆಯ ಪ್ಯಾರಿಟಿ ಷರತ್ತುಗಳನ್ನು ತೆಗೆಯಲು ಹೇಳಿತು. ಆ ಆದೇಶ ಮೇಲ್ಮನವಿಗೆ ಹೋಯಿತು. ಯುರೋಪಿನಲ್ಲಿ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯ ಕಾರಣ ಬುಕಿಂಗ್ ಡಾಟ್ ಕಾಮ್ 2024ರ ಜುಲೈ 1ರಿಂದ ಷರತ್ತು ಕೈಬಿಟ್ಟಿತು. ಇವನ್ನು ಕೇಳಿ 'ಇನ್ನು ಪ್ಯಾರಿಟಿ ಎಂಬುದೇ ಇಲ್ಲ' ಎಂದುಕೊಳ್ಳುವವರಿದ್ದಾರೆ. ಆಯೋಗ ಹೇಳಿದ್ದು ಒಂದು ಒಟಿಎ ಇನ್ನೊಂದು ಒಟಿಎಯ ಬೆಲೆಯನ್ನು ಕಟ್ಟಿಹಾಕುವುದರ ಬಗ್ಗೆ. ಹೋಟೆಲಿನ ಸ್ವಂತ ವೆಬ್‌ಸೈಟಿನ ಬೆಲೆಯನ್ನು ಕಟ್ಟುವ ಷರತ್ತು ನಿಮ್ಮ ಒಪ್ಪಂದದಲ್ಲಿ ಇರಬಹುದು. ಷರತ್ತು ಇಲ್ಲದಿದ್ದರೂ ಬೆಲೆ ಹೆಚ್ಚಿರುವ ಕಡೆ ಸ್ಥಾನ ತಾನಾಗಿ ಇಳಿಯುತ್ತದೆ. ಅದನ್ನು ಯಾವ ಆದೇಶವೂ ತಡೆಯುವುದಿಲ್ಲ.

ನಾವು ಹಿಡಿದ ದಾರಿ ಹೀಗೆ. ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವ ಬೆಲೆ 3,100, ಒಟಿಎಯದ್ದೇ. ಫೋನ್ ನಂಬರ್ ಕೊಟ್ಟು ಒಳಗೆ ಬಂದವರಿಗೆ 2,790, ಅದೂ ಒಟಿಎ ಸದಸ್ಯರ ಬೆಲೆಯೇ. ಫೋನಿನಲ್ಲೋ ವಾಟ್ಸ್ಆ್ಯಪ್‌ನಲ್ಲೋ ನೇರವಾಗಿ ಕೇಳಿದವರಿಗೆ 2,700, ತಿಂಡಿ ಸಮೇತ. ಪ್ಯಾರಿಟಿ ಷರತ್ತುಗಳು ಸಾಮಾನ್ಯವಾಗಿ ಬಹಿರಂಗವಾಗಿ ಪ್ರಕಟಿಸಿದ ಬೆಲೆಗೆ ಸಂಬಂಧಿಸಿದವು, ಒಬ್ಬರಿಗೆ ಹೇಳಿದ ಬೆಲೆಗಲ್ಲ. ನಮ್ಮ ಒಪ್ಪಂದಗಳಲ್ಲೂ ಹಾಗೇ ಇತ್ತು, ನಿಮ್ಮದನ್ನು ಓದಿಕೊಳ್ಳಿ. ಇಬ್ಬರ ತಿಂಡಿಗೆ ಹೋಟೆಲಿನ ಖರ್ಚು 180 ಎಂದಿಟ್ಟರೂ ಯುಪಿಐನಲ್ಲಿ ಕಟ್ಟಿದರೆ ಉಳಿಯುವುದು 2,520. ಗೇಟ್‌ವೇ ಮೂಲಕ ಕಾರ್ಡಿನಲ್ಲಿ ಕಟ್ಟಿದರೆ, ಶೇ 2 ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಸೇರಿ ಇನ್ನೊಂದು 67 ರೂಪಾಯಿ ಹೋಗುತ್ತದೆ. ಹಾಗಿದ್ದರೂ ಒಟಿಎಯ 2,200ಕ್ಕಿಂತ ಒಳ್ಳೆಯದು. ಗೂಗಲ್ ಮ್ಯಾಪ್ಸ್‌ನಲ್ಲಿ ಹೋಟೆಲಿನ ಹೆಸರು ಹುಡುಕಿದಾಗ ಬರುವ ಉಚಿತ ಬುಕಿಂಗ್ ಲಿಂಕು 2021ರಿಂದ ಇದೆ. ನಮ್ಮ ವೆಬ್‌ಸೈಟಿನ ಬುಕಿಂಗ್ ಎಂಜಿನ್ ಅದಕ್ಕೆ ಜೋಡಿಸಿಕೊಡುತ್ತದೆಯೇ ಎಂದು ಕೇಳಿ ಹಾಕಿಸಿದೆವು. ಒಟಿಎಯ ಹೆಸರುಗಳ ಪಕ್ಕದಲ್ಲೇ ಹೋಟೆಲಿನ ಸ್ವಂತ ಬೆಲೆಯೂ ಕಾಣುತ್ತದೆ.

ತಿಂಗಳ ಮೊದಲ ವಾರ ಕಮಿಷನ್ ಬಿಲ್ಲನ್ನು ಹೋಟೆಲಿನ ರಿಜಿಸ್ಟರ್ ಜತೆ ಸಾಲು ಸಾಲಾಗಿ ತಾಳೆ ನೋಡುವ ಕೆಲಸ ರಿಸೆಪ್ಷನ್‌ನವರಿಗೆ ವಹಿಸಿದ್ದೇವೆ. ಹುಡುಕಬೇಕಾದ್ದು ಮೂರು: ಬಾರದ ಅತಿಥಿಗೂ ಕಮಿಷನ್ ಬಿದ್ದಿದೆಯೇ, ಮೂರು ರಾತ್ರಿ ಬುಕ್ ಮಾಡಿ ಒಂದೇ ರಾತ್ರಿ ಉಳಿದು ಹೋದವರಿಗೆ ಮೂರಕ್ಕೂ ಬಿದ್ದಿದೆಯೇ, ಕಮಿಷನ್ ಲೆಕ್ಕ ತೆರಿಗೆ ಬಿಟ್ಟ ಮೊತ್ತದ ಮೇಲಿದೆಯೋ ಸೇರಿದ್ದರ ಮೇಲಿದೆಯೋ. ಬಾರದವರನ್ನು ಎಕ್ಸ್‌ಟ್ರಾನೆಟ್‌ನಲ್ಲಿ ನೋ-ಶೋ ಎಂದು ಗುರುತಿಸಲು ಗಡುವು ಇರುತ್ತದೆ. ಅದು ದಾಟಿದರೆ ಕಮಿಷನ್ ನಿಮ್ಮ ತಲೆಗೇ ಬರುತ್ತದೆ. ಆದ್ದರಿಂದ ನೈಟ್ ಡ್ಯೂಟಿಯವರು ಬೆಳಿಗ್ಗೆ ಕೀಲಿ ಒಪ್ಪಿಸುವ ಮುಂಚೆ ಆ ಗುರುತು ಹಾಕಿ, ರಿಜಿಸ್ಟರ್‌ನಲ್ಲಿ ಸಮಯ ಬರೆದು ಸಹಿ ಮಾಡುತ್ತಾರೆ.